ತೂಗುವ ಟೇಪರ್ ಸರಳು ಎಷ್ಟು ಹಿಗ್ಗುತ್ತದೆ?

*ಮಂಗಳೂರಿನಲ್ಲಿ ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳು, ಫ್ಯಾಬ್ರಿಕೇಶನ್ ಕೆಲಸದವರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.*

ಒಂದು ಮೂಲಂಗಿಯನ್ನು ನೆನಪಿಸಿಕೊಳ್ಳಿ. ದಪ್ಪ ತಲೆಗೆ ದಾರ ಕಟ್ಟಿ ತೂಗಿಸಿದರೆ ಸಣ್ಣ ಬಾಲ ಕೆಳಗಿರುತ್ತದೆ. ಬಾಲಕ್ಕೆ ದಾರ ಕಟ್ಟಿದರೆ ದಪ್ಪ ತಲೆ ಕೆಳಗಿರುತ್ತದೆ. ಮೂಲಂಗಿ ಅದೇ, ತೂಕವೂ ಅದೇ. ಈಗ ಎರಡು ಪ್ರಶ್ನೆ ಕೇಳುತ್ತೇನೆ. ಕೆಳತುದಿಗೆ ಒಂದು ಕಿಲೋ ಕಲ್ಲು ಕಟ್ಟಿದರೆ, ಆ ಕಲ್ಲಿನಿಂದಾಗಿ ಯಾವ ರೀತಿ ತೂಗಿಸಿದಾಗ ಹೆಚ್ಚು ಹಿಗ್ಗುತ್ತದೆ? ಕಲ್ಲೇ ಇಲ್ಲದೆ ಬರೀ ತನ್ನ ತೂಕದಿಂದಾಗಿ ಯಾವ ರೀತಿ ತೂಗಿಸಿದಾಗ ಹೆಚ್ಚು ಹಿಗ್ಗುತ್ತದೆ?

ಮೊದಲ ಪ್ರಶ್ನೆಗೆ ಉತ್ತರ: ಎರಡೂ ಒಂದೇ. ಕಲ್ಲಿನ ಎಳೆತಕ್ಕೆ ತಲೆ ಯಾವುದು, ಬುಡ ಯಾವುದು ಎಂಬ ಭೇದವೇ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಬೇರೆ. ಬಾಲಕ್ಕೆ ದಾರ ಕಟ್ಟಿದಾಗ ಹಿಗ್ಗು ಬಹಳ ಹೆಚ್ಚು. ಇವತ್ತಿನ ಮಾತೆಲ್ಲ ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸದ ಸುತ್ತಲೇ ಇದೆ. ಪರೀಕ್ಷೆಯಲ್ಲಿ ಈ ಲೆಕ್ಕ ತಪ್ಪುವವರಲ್ಲಿ ಹೆಚ್ಚಿನವರು ಎರಡೂ ಭಾರಗಳನ್ನು ಒಂದೇ ಕಣ್ಣಿನಿಂದ ನೋಡಿ ತಪ್ಪುತ್ತಾರೆ.

ಲೆಕ್ಕಕ್ಕೆ ಮೂಲಂಗಿಯ ಬದಲು ಉಕ್ಕಿನ ಸರಳು ತೆಗೆದುಕೊಳ್ಳೋಣ. ದುಂಡಗಿನ ಸರಳು, ಉದ್ದ L. ಮೇಲಿನ ವ್ಯಾಸ D, ಅದು ಗಟ್ಟಿಯಾಗಿ ಹಿಡಿದಿರುವ ಕಡೆ. ಕೆಳಗಿನ ವ್ಯಾಸ d. ವ್ಯಾಸ ಮೇಲಿಂದ ಕೆಳಕ್ಕೆ ಒಂದೇ ಸಮನಾಗಿ ಕಡಿಮೆಯಾಗುತ್ತದೆ. ಕೆಳತುದಿಯಲ್ಲಿ P ಭಾರ. ಉಕ್ಕು ತನ್ನ ಇಲಾಸ್ಟಿಕ್ ಮಿತಿಯೊಳಗೇ ಇದೆ ಎಂದುಕೊಂಡರೆ, P ಯ ಹಿಗ್ಗನ್ನೂ ಸ್ವಂತ ತೂಕದ ಹಿಗ್ಗನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೊನೆಗೆ ಕೂಡಿಸಬಹುದು. ಮಿತಿ ದಾಟಿದರೆ ಹಾಗೆ ಕೂಡಿಸುವ ಹಕ್ಕು ನಮಗಿಲ್ಲ.

ಸುಲಭದ್ದು ಮೊದಲು. ಸರಳಿನ ಬದಿಗಳನ್ನು ಕೆಳಕ್ಕೆ ಮುಂದುವರಿಸಿ ಗೆರೆ ಎಳೆದರೆ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದನ್ನು ಕಾಣದ ತುದಿ ಎಂದು ಕರೆಯೋಣ. ಅಲ್ಲಿಂದ ಸರಳಿನ ಕೆಳಮುಖಕ್ಕೆ ಇರುವ ದೂರ a, ಮೇಲ್ಮುಖಕ್ಕೆ ಇರುವ ದೂರ b. ಹಾಗಾಗಿ b − a ಎಂದರೆ L. ಯಾವುದೇ ಕಡೆಯ ವ್ಯಾಸ ಆ ಬಿಂದುವಿನಿಂದ ಇರುವ ದೂರಕ್ಕೆ ಅನುಪಾತದಲ್ಲಿರುತ್ತದೆ, ಅಡ್ಡಕೊಯ್ತದ ಕ್ಷೇತ್ರಫಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಳತೆಯನ್ನು ಈ ಕಾಣದ ತುದಿಯಿಂದ ಶುರುಮಾಡುವುದೇ ಇಡೀ ಲೆಕ್ಕದ ಜಾಣತನ. ಸರಳಿನ ಕೆಳಮುಖದಿಂದ ಅಳೆಯಲು ಹೊರಟರೆ ಅದೇ ಉತ್ತರಕ್ಕೆ ಒಂದು ಪುಟ ಬೀಜಗಣಿತ ಬೇಕು.

P ಯ ಎಳೆತ ಎಲ್ಲ ಅಡ್ಡಕೊಯ್ತಗಳಲ್ಲೂ ಅಷ್ಟೇ ಇರುತ್ತದೆ. ಆದ್ದರಿಂದ ನಾವು ಕೂಡಿಸಬೇಕಾದದ್ದು 1/x² ಅನ್ನು, a ಯಿಂದ b ವರೆಗೆ. ಉತ್ತರ 1/a − 1/b, ಅಂದರೆ L/(ab). E ಎಂದರೆ ಉಕ್ಕಿನ ಯಂಗ್ ಮಾಡ್ಯುಲಸ್, ಹಿಗ್ಗನ್ನು ತಡೆಯುವ ಅದರ ಗುಣದ ಅಳತೆ. ಅದರಿಂದ P ಯ ಹಿಗ್ಗು δP:

```
δP = 4 P L / (π E D d)
```

ಛೇದದಲ್ಲಿ D ಮತ್ತು d ಯ ಗುಣಲಬ್ಧ ಮಾತ್ರ ಇದೆ. ಎರಡನ್ನೂ ಅದಲು ಬದಲು ಮಾಡಿದರೂ ಉತ್ತರ ಬದಲಾಗುವುದಿಲ್ಲ. ಕಲ್ಲಿನ ಎಳೆತಕ್ಕೆ ತಲೆ-ಬುಡದ ಭೇದವಿಲ್ಲ ಎಂದದ್ದು ಇದೇ ಕಾರಣಕ್ಕೆ. ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಬಹುದು. P ಮಟ್ಟಿಗೆ ನಮ್ಮ ಟೇಪರ್ ಸರಳು √(D·d) ವ್ಯಾಸದ ಸಮ ಸರಳಿನಂತೆ ವರ್ತಿಸುತ್ತದೆ. ಈ ಮಾತು ಮನಸ್ಸಿನಲ್ಲಿರಲಿ, ಸರಾಸರಿ ವ್ಯಾಸದ ತಪ್ಪಿನ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತದೆ.

ಈಗ ಸ್ವಂತ ತೂಕ. ನೇರವಾಗಿ ಇಂಟಿಗ್ರೇಶನ್‌ಗೆ ಕೈ ಹಾಕುವ ಬದಲು, ಕಾಣದ ತುದಿಯವರೆಗೂ ಉಕ್ಕೇ ಇದೆ, ಪೂರ್ತಿ ಶಂಕುವೇ ತೂಗುತ್ತಿದೆ ಎಂದುಕೊಳ್ಳಿ. ಯಾವುದೇ x ದೂರದಲ್ಲಿ ಕೆಳಗೆ ನೇತಾಡುತ್ತಿರುವ ತುಂಡೂ ಒಂದು ಪೂರ್ತಿ ಶಂಕುವೇ. ಅದರ ಗಾತ್ರ ಅಡ್ಡಕೊಯ್ತ ಗುಣಿಸು x ಭಾಗಿಸು 3. ಅದರ ತೂಕವನ್ನು ಅದೇ ಅಡ್ಡಕೊಯ್ತದಿಂದ ಭಾಗಿಸಿದರೆ ಅಡ್ಡಕೊಯ್ತ ಹೊರಟುಹೋಗುತ್ತದೆ. ಉಳಿಯುವ ಸ್ಟ್ರೆಸ್ γx/3. γ ಎಂದರೆ ಒಂದು ಘನ ಅಳತೆಯ ಉಕ್ಕಿನ ತೂಕ. ಸಮ ಸರಳಿನಲ್ಲಾದರೆ ಇದು γx ಇರುತ್ತಿತ್ತು. ಅಂದರೆ ಪೂರ್ತಿ ಶಂಕು, ತನ್ನ ತೂಕದ ಮಟ್ಟಿಗೆ, ಮೂರನೇ ಒಂದು ಪಾಲು ತೂಕದ ಲೋಹದಿಂದ ಮಾಡಿದ ಸಮ ಸರಳಿನಂತೆ. ಅದು ಎಷ್ಟು ಅಗಲ, ಎಷ್ಟು ಚೂಪು ಎಂಬುದು ಉತ್ತರದಲ್ಲಿ ಬರುವುದೇ ಇಲ್ಲ.

ಈ ಪೂರ್ತಿ ಶಂಕುವಿನಲ್ಲಿ a ಯಿಂದ b ವರೆಗಿನ ಭಾಗ, ಅಂದರೆ ನಮ್ಮ ಸರಳಿನ ಭಾಗ, ಹಿಗ್ಗುವುದು γ(b² − a²)/6E. ಇಲ್ಲಿಗೇ ನಿಲ್ಲಿಸಿ ಉತ್ತರ ಬರೆದವರ ಹಾಳೆಗಳು ಬೇಕಾದಷ್ಟಿವೆ. ಪೂರ್ತಿ ಶಂಕುವಿನ ಹಿಗ್ಗಿನಿಂದ ಸಣ್ಣ ಶಂಕುವಿನ ಹಿಗ್ಗನ್ನು ಕಳೆದೆವು, ಮುಗಿಯಿತಲ್ಲ ಎಂದು ಅವರ ವಾದ. ಮುಗಿದಿಲ್ಲ. ಕೆಳಗಿನ ಸಣ್ಣ ಶಂಕು ನಿಜವಾಗಿ ಅಲ್ಲಿಲ್ಲ. ಅದರ ಹಿಗ್ಗನ್ನು ಕಳೆದಿರಿ, ಸರಿ. ಆದರೆ ಅದರ ತೂಕ ನಮ್ಮ ಸರಳನ್ನು ಇನ್ನೂ ಎಳೆಯುತ್ತಲೇ ಇದೆ. ಆ ತೂಕವನ್ನೂ ಬಿಚ್ಚಿ ತೆಗೆಯಬೇಕು. ಅದು ಕೆಳತುದಿಗೆ ಕಟ್ಟಿದ ಭಾರವೇ ಆದ್ದರಿಂದ ಅದರ ಹಿಗ್ಗಿಗೆ ಮೇಲಿನ δP ಸೂತ್ರವೇ ಸಾಕು. ಕಳೆದು ಸರಳಗೊಳಿಸಿದರೆ ಬರುವುದು:

```
δW = (γ L² / 6E) × (1 + 2d/D)
```

ಇದನ್ನು ಎರಡು ಕಡೆ ಒರೆಗೆ ಹಚ್ಚಿ ನೋಡಿ. d ಮತ್ತು D ಸಮ ಆದರೆ ಆವರಣದಲ್ಲಿ 3, ಆಗ γL²/2E, ಸಮ ಸರಳಿನ ಪರಿಚಿತ ಸೂತ್ರ. d ಸೊನ್ನೆಯಾದರೆ γL²/6E, ಪೂರ್ತಿ ಶಂಕು. ಎರಡೂ ಸರಿ. ಇನ್ನೊಂದು ವಿಷಯ: d ಯು D ಗಿಂತ ದೊಡ್ಡದಿದ್ದರೂ, ಅಂದರೆ ದಪ್ಪ ಭಾಗ ಕೆಳಗಿದ್ದರೂ, ಈ ಸೂತ್ರ ಬದಲಾಗುವುದಿಲ್ಲ. D ಯಾವಾಗಲೂ ಹಿಡಿದಿರುವ ಕಡೆಯ ವ್ಯಾಸ, d ಯಾವಾಗಲೂ ತೂಗುವ ಕಡೆಯದು, ಅಷ್ಟು ನೆನಪಿಟ್ಟರೆ ಸಾಕು. «ದೊಡ್ಡದು D, ಚಿಕ್ಕದು d» ಎಂದು ಬಾಯಿಪಾಠ ಮಾಡಿದವರು ಸರಳು ತಲೆಕೆಳಗಾದಾಗ ಸಿಕ್ಕಿಬೀಳುವುದು ಇಲ್ಲಿಯೇ.

ಈಗ ಮೂಲಂಗಿಗೆ ಮರಳೋಣ. ಕೆಳಗಿನ ವ್ಯಾಸ ಮೇಲಿನದರ ಅರ್ಧ ಇದ್ದರೆ ಆವರಣದ ಬೆಲೆ 2. ತಿರುಗಿಸಿ ತೂಗಿಸಿದರೆ d/D ಎರಡಾಗುತ್ತದೆ, ಆವರಣದ ಬೆಲೆ 5. ಅದೇ ಸರಳು, ಬರೀ ತಿರುಗಿಸಿದ್ದಕ್ಕೆ ಎರಡೂವರೆ ಪಟ್ಟು ಹಿಗ್ಗು. ಮೇಲಿನ ಸಣ್ಣ ಕುತ್ತಿಗೆ ಈಗ ಇಡೀ ಹೊಟ್ಟೆಯ ಭಾರವನ್ನು ಹೊರಬೇಕಾಗಿದೆ, ಅದಕ್ಕೆ.

ಇಲ್ಲಿ ಇನ್ನೊಂದು ಚಂದದ ಸಂಗತಿ ಅಡಗಿದೆ. ಸರಳಿನ ಒಟ್ಟು ತೂಕ W ಎಂದಿಟ್ಟುಕೊಳ್ಳಿ. ಅಷ್ಟೇ ತೂಕವನ್ನು ಕೆಳತುದಿಗೆ ಕಟ್ಟಿದರೆ ಆಗುವ ಹಿಗ್ಗನ್ನು f ಎನ್ನಿ. ಅರ್ಧಕ್ಕೆ ಇಳಿಯುವ ಟೇಪರ್‌ನಲ್ಲಿ ದಪ್ಪ ತುದಿ ಮೇಲಿದ್ದಾಗ ಸ್ವಂತ ತೂಕದ ಹಿಗ್ಗು f ನ ಏಳರಲ್ಲಿ ಎರಡು ಪಾಲು. ತಿರುಗಿಸಿದಾಗ ಏಳರಲ್ಲಿ ಐದು ಪಾಲು. ಎರಡನ್ನೂ ಕೂಡಿಸಿದರೆ ಸರಿಯಾಗಿ f. ಇದು ಕಾಕತಾಳೀಯ ಅಲ್ಲ. ಸರಳನ್ನು ತೆಳ್ಳಗಿನ ಬಿಲ್ಲೆಗಳಾಗಿ ಕತ್ತರಿಸಿದಂತೆ ಕಲ್ಪಿಸಿಕೊಳ್ಳಿ. ಒಂದು ಬಿಲ್ಲೆಯ ತೂಕ ತನ್ನ ಮೇಲಿರುವ ಭಾಗವನ್ನು ಮಾತ್ರ ಎಳೆಯುತ್ತದೆ, ಕೆಳಗಿನ ಭಾಗವನ್ನು ಮುಟ್ಟುವುದಿಲ್ಲ. ಸರಳನ್ನು ತಿರುಗಿಸಿದಾಗ ಅದೇ ಬಿಲ್ಲೆ ಮೊದಲು ಮುಟ್ಟದೆ ಬಿಟ್ಟಿದ್ದ ಭಾಗವನ್ನು ಎಳೆಯುತ್ತದೆ. ಎರಡೂ ಸಲ ಸೇರಿದರೆ ಆ ಬಿಲ್ಲೆ ಇಡೀ ಸರಳನ್ನು ಒಮ್ಮೆ ಎಳೆದಂತಾಯಿತು, ತುದಿಗೆ ಕಟ್ಟಿದ ಹಾಗೆಯೇ. ಎಲ್ಲ ಬಿಲ್ಲೆಗಳಿಗೂ ಇದೇ ನ್ಯಾಯ, ಆದ್ದರಿಂದ ಒಟ್ಟು f.

ಈ ವಾದದಲ್ಲಿ ಶಂಕುವಿನ ಮಾತೇ ಬರಲಿಲ್ಲ, ಗಮನಿಸಿದಿರಾ? ಹೊಟ್ಟೆ ಉಬ್ಬಿದ ಸರಳಾಗಲಿ, ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುವ ಸರಳಾಗಲಿ, ಎಲ್ಲಕ್ಕೂ ಇದು ನಿಜ. ಸಮ ಸರಳಿನಲ್ಲಿ ತಿರುಗಿಸಿದರೂ ಏನೂ ಬದಲಾಗುವುದಿಲ್ಲವಾದ್ದರಿಂದ ಎರಡು ಪಾಲೂ ಸಮ ಇರಬೇಕು, ಅಂದರೆ ಅರ್ಧ ಅರ್ಧ. «ಸಮ ಸರಳಿನ ಸ್ವಂತ ತೂಕದ ಹಿಗ್ಗು ಅದೇ ತೂಕವನ್ನು ತುದಿಗೆ ಕಟ್ಟಿದಾಗಿನ ಹಿಗ್ಗಿನ ಅರ್ಧ» ಎಂದು ಪಠ್ಯದಲ್ಲಿ ಓದುತ್ತೀರಲ್ಲ, ಅದು ಹುಟ್ಟುವುದು ಇಲ್ಲಿಂದ. ನಿಮ್ಮ ಲೆಕ್ಕ ಸರಿಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡೂ ದಿಕ್ಕಿನ ಉತ್ತರ ತೆಗೆಯಿರಿ, ಕೂಡಿಸಿ. f ಬರದಿದ್ದರೆ ಎಲ್ಲೋ ತಪ್ಪಿದೆ.

ಸಂಖ್ಯೆ ಹಾಕಿ ನೋಡೋಣ. 6 ಮೀಟರ್ ಉದ್ದದ ಉಕ್ಕಿನ ಸರಳು, ಮೇಲೆ 40 ಮಿಮೀ, ಕೆಳಗೆ 20 ಮಿಮೀ, ತುದಿಯಲ್ಲಿ 20 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ ಎರಡು ಟನ್ ಭಾರ. E = 200 ಗಿಗಾಪಾಸ್ಕಲ್. ಉಕ್ಕಿನ ಸಾಂದ್ರತೆ 7850 ಕೆಜಿ/ಘನ ಮೀಟರ್.

ಏಕಮಾನದಲ್ಲೇ ಅರ್ಧ ಜನ ಜಾರುತ್ತಾರೆ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. ಸೂತ್ರದಲ್ಲಿ ಬೇಕಾದದ್ದು ತೂಕ, ದ್ರವ್ಯರಾಶಿ ಅಲ್ಲ. 7850 ಅನ್ನು 9.81 ರಿಂದ ಗುಣಿಸಿದರೆ ಘನ ಮೀಟರಿಗೆ ಸುಮಾರು 77,000 ನ್ಯೂಟನ್. ಮಿಲಿಮೀಟರ್‌ನಲ್ಲಿ ಲೆಕ್ಕ ಮಾಡುವುದಾದರೆ ಇದನ್ನು 10⁹ ರಿಂದ ಭಾಗಿಸಿ, 7.7 × 10⁻⁵ ನ್ಯೂಟನ್/ಘನ ಮಿಮೀ. ಆಗ E ಯನ್ನು 2 × 10⁵ ನ್ಯೂಟನ್/ಚದರ ಮಿಮೀ ಎಂದೇ ಹಾಕಬೇಕು. ಒಂದು ಮೀಟರಿನಲ್ಲಿ, ಇನ್ನೊಂದು ಮಿಲಿಮೀಟರಿನಲ್ಲಿ ಬೆರೆತರೆ ಉತ್ತರ ಸಾವಿರ, ಲಕ್ಷ ಪಟ್ಟು ತಪ್ಪುತ್ತದೆ. 9.81 ಮರೆತರೆ ಹತ್ತು ಪಟ್ಟು ಕಡಿಮೆ ಬರುತ್ತದೆ. ಹತ್ತು ಪಟ್ಟಿನ ತಪ್ಪು ಕಣ್ಣಿಗೆ ಹೊಡೆಯುವುದಿಲ್ಲ, ಹಾಗಾಗಿ ಅದೇ ಹೆಚ್ಚು ಅಪಾಯದ್ದು.

```
δP = 4 × 20000 × 6000 / (π × 200000 × 40 × 20) = 0.955 mm
δW = (7.7e-5 × 6000² / (6 × 200000)) × (1 + 2×20/40) = 0.0046 mm
```

ಸರಳಿನ ತೂಕ ಸುಮಾರು 339 ನ್ಯೂಟನ್, ಮೂವತ್ತನಾಲ್ಕೂವರೆ ಕಿಲೋ. ಅದರ ಏಳರಲ್ಲಿ ಎರಡು ಪಾಲು 97 ನ್ಯೂಟನ್. ಅಷ್ಟನ್ನು δP ಸೂತ್ರದಲ್ಲಿ ಹಾಕಿದರೂ 0.0046 ಮಿಮೀ ಬರುತ್ತದೆ. ಎರಡು ದಾರಿಯಲ್ಲೂ ಉತ್ತರ ಒಂದೇ.

6 ಮೀಟರ್ ಉಕ್ಕಿನ ಸರಳಿನಲ್ಲಿ ಸ್ವಂತ ತೂಕದ ಹಿಗ್ಗು ಭಾರದ ಹಿಗ್ಗಿನ ಶೇಕಡಾ ಅರ್ಧದಷ್ಟೂ ಇಲ್ಲ. ಫ್ಯಾಬ್ರಿಕೇಶನ್ ಮಾಡುವವರು ಇದನ್ನು ನಿಶ್ಚಿಂತೆಯಿಂದ ಬಿಡಬಹುದು. ಹಾಗಾದರೆ P ಯ ಹಿಗ್ಗನ್ನು ಹೇಗಾದರೂ ಲೆಕ್ಕ ಹಾಕಿದರೆ ಆಯಿತೇ? ಇಲ್ಲ. ನಿಜವಾದ ನಷ್ಟ ಆಗುವುದು ಅಲ್ಲಿಯೇ. ಶಾಪ್‌ಗಳಲ್ಲಿ ಸಾಮಾನ್ಯವಾಗಿ 40 ಮತ್ತು 20 ರ ಸರಾಸರಿ 30 ಎಂದು ಹಿಡಿದು ಸಮ ಸರಳಿನ ಸೂತ್ರ ಹಾಕುತ್ತಾರೆ. ಆಗ 0.849 ಮಿಮೀ ಬರುತ್ತದೆ, ನಿಜಕ್ಕಿಂತ ಶೇಕಡಾ 11 ಕಡಿಮೆ. ಇನ್ನು ಕೆಲವರು ಎರಡು ತುದಿಗಳ ಕ್ಷೇತ್ರಫಲದ ಸರಾಸರಿ ತೆಗೆಯುತ್ತಾರೆ. ಆಗ 0.764 ಮಿಮೀ, ಶೇಕಡಾ 20 ಕಡಿಮೆ. ಸರಿಯಾದ ಸರಾಸರಿ ಮೊದಲೇ ಹೇಳಿದ √(40 × 20), 28.3 ಮಿಮೀ. ಸಣ್ಣ ತುದಿ ತನ್ನ ಪಾಲಿಗಿಂತ ಹೆಚ್ಚು ಹಿಗ್ಗುತ್ತದೆ, ದಪ್ಪ ತುದಿ ಅದನ್ನು ಸರಿದೂಗಿಸುವಷ್ಟು ಉಳಿಸುವುದಿಲ್ಲ. ಹಾಗಾಗಿ ಸಾಮಾನ್ಯ ಸರಾಸರಿ ಯಾವಾಗಲೂ ಹಿಗ್ಗನ್ನು ಕಡಿಮೆ ತೋರಿಸುತ್ತದೆ.

ಅದೇ ಸರಾಸರಿ ಸ್ವಂತ ತೂಕದ ಲೆಕ್ಕದಲ್ಲಿ ಏನು ಮಾಡುತ್ತದೆ ನೋಡಿ. ಸಮ ಸರಳಿನ ಸೂತ್ರ γL²/2E ಯಲ್ಲಿ ವ್ಯಾಸವೇ ಇಲ್ಲ. 30 ಹಾಕಿ, 28.3 ಹಾಕಿ, ಏನು ಹಾಕಿದರೂ 0.0069 ಬರುತ್ತದೆ, ನಿಜಕ್ಕಿಂತ ಒಂದೂವರೆ ಪಟ್ಟು. ಒಂದೇ ಅಡ್ಡದಾರಿ ಒಂದು ಭಾರದಲ್ಲಿ ಕಡಿಮೆ ತೋರಿಸಿ ಇನ್ನೊಂದರಲ್ಲಿ ಹೆಚ್ಚು ತೋರಿಸುತ್ತದೆ. ಎರಡೂ ತಪ್ಪು ಕೂಡಿ ಒಟ್ಟು ಉತ್ತರ ಸರಿ ಇರುವಂತೆ ಕಾಣುವ ಸಂದರ್ಭಗಳೂ ಇವೆ. ಟೇಪರ್ ಇರುವ ಕಡೆ ಎರಡು ಭಾರಕ್ಕೂ ಹೊಂದುವ ಒಂದೇ ಸಮವ್ಯಾಸ ಇಲ್ಲವೇ ಇಲ್ಲ.

ಸ್ವಂತ ತೂಕ ಯಾವಾಗ ಲೆಕ್ಕಕ್ಕೆ ಬರುತ್ತದೆ? δP ಉದ್ದದ ಜೊತೆ ಬೆಳೆಯುತ್ತದೆ, δW ಉದ್ದದ ವರ್ಗದ ಜೊತೆ. ಅದೇ 40–20 ಸರಳನ್ನು ನೂರು ಪಟ್ಟು ಉದ್ದ ಮಾಡಿ, 600 ಮೀಟರ್. P ಅಷ್ಟೇ ಇರಲಿ. P ಯ ಹಿಗ್ಗು 95.5 ಮಿಮೀ, ಸ್ವಂತ ತೂಕದ್ದು 46.2 ಮಿಮೀ, ಒಟ್ಟು 141.7 ಮಿಮೀ. ತಿರುಗಿಸಿ ತೂಗಿಸಿದರೆ P ಯದ್ದು ಅದೇ 95.5, ಸ್ವಂತ ತೂಕದ್ದು 115.5, ಒಟ್ಟು 211 ಮಿಮೀ. ಈಗ ದಿಕ್ಕು ಮುಖ್ಯ. ಸರಳಿನ ತೂಕ 33.9 ಕಿಲೋನ್ಯೂಟನ್, ತುದಿಭಾರಕ್ಕಿಂತಲೂ ಹೆಚ್ಚು.

ಸ್ಟ್ರೆಸ್ ಅನ್ನೂ ಒಮ್ಮೆ ನೋಡಿಬಿಡೋಣ, ಏಕೆಂದರೆ ಇಲ್ಲೊಂದು ಅಭ್ಯಾಸದ ತಪ್ಪಿದೆ. ತೂಗುವ ಸರಳಿನಲ್ಲಿ ಹೆಚ್ಚಿನ ಸ್ಟ್ರೆಸ್ ಮೇಲ್ತುದಿಯಲ್ಲೇ ಎಂದು ನಾವು ಕಣ್ಣು ಮುಚ್ಚಿ ಹೇಳುತ್ತೇವೆ. ಸಮ ಸರಳಿಗೆ ಅದು ನಿಜ. ನಮ್ಮ 600 ಮೀಟರ್ ಸರಳಿನಲ್ಲಿ ದಪ್ಪ ತುದಿ ಮೇಲಿರುವಾಗ ಮೇಲೆ 43 ಮೆಗಾಪಾಸ್ಕಲ್, ಕೆಳತುದಿಯಲ್ಲಿ 64. ಅಪಾಯದ ಜಾಗ ಕೆಳಗೆ, ಭಾರ ಕಟ್ಟಿದ ಕಡೆ. ಅತಿ ಕಡಿಮೆ ಸ್ಟ್ರೆಸ್ ಮೇಲ್ತುದಿಯಲ್ಲೂ ಅಲ್ಲ, ಅದಕ್ಕಿಂತ ತುಸು ಕೆಳಗೆ. ತಿರುಗಿಸಿದರೆ ಮೇಲಿನ 20 ಮಿಮೀ ಕುತ್ತಿಗೆಯಲ್ಲಿ 171 ಮೆಗಾಪಾಸ್ಕಲ್‌ಗೆ ಏರುತ್ತದೆ. ಆದ್ದರಿಂದ ಟೇಪರ್ ಇದ್ದರೆ ಕನಿಷ್ಠ ಎರಡೂ ತುದಿಗಳ ಸ್ಟ್ರೆಸ್ ನೋಡಲೇಬೇಕು.

ಇಷ್ಟು ಉದ್ದದ ಸರಳು ಎಲ್ಲಿದೆ ಎಂದು ಕೇಳಬಹುದು. ತೈಲ ಬಾವಿಗಳಲ್ಲಿ ಪಂಪನ್ನು ಮೇಲೆ ಕೆಳಗೆ ಎಳೆಯುವ ಸರಳುಗಳ ಸರಣಿ ಇದೇ ಜಾತಿಯದು, ಮೇಲೆ ದಪ್ಪ, ಕೆಳಗೆ ಹೋದಂತೆ ಸಣ್ಣ. ಆಳದ ಗಣಿಗಳ ಹಗ್ಗಗಳಿಗೂ ಇದೇ ಚಿಂತೆ. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು, 2001ರಲ್ಲಿ ಮುಚ್ಚಿತು. ಅಷ್ಟು ಆಳವನ್ನು ಒಂದೇ ಹಗ್ಗದಲ್ಲಿ ಇಳಿಯುತ್ತಿರಲಿಲ್ಲ, ಹಂತ ಹಂತವಾಗಿ ಇಳಿಯುತ್ತಿದ್ದರು. ಒಂದೇ ಸಮ ಸರಳನ್ನು 3.2 ಕಿಲೋಮೀಟರ್ ಇಳಿಬಿಟ್ಟೆವು ಎಂದುಕೊಂಡರೆ, ಯಾವ ಭಾರವೂ ಇಲ್ಲದೆ ಮೇಲ್ತುದಿಯಲ್ಲಿ 246 ಮೆಗಾಪಾಸ್ಕಲ್. ಸಾಮಾನ್ಯ ಮೈಲ್ಡ್ ಸ್ಟೀಲ್ 250 ರಲ್ಲಿ ಯೀಲ್ಡ್ ಆಗುತ್ತದೆ. ವ್ಯಾಸ ಎಷ್ಟೇ ದಪ್ಪ ಮಾಡಿದರೂ ಈ 246 ಇಳಿಯುವುದಿಲ್ಲ, ದಪ್ಪದ ಜೊತೆ ತೂಕವೂ ಅಷ್ಟೇ ಏರುತ್ತದೆ. ಆದರೆ ಪೂರ್ತಿ ಶಂಕು ಆದರೆ ಮೂರನೇ ಒಂದು ಪಾಲು, 82. ಟೇಪರ್‌ನ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಎಲ್ಲ ಕಡೆ ಸ್ಟ್ರೆಸ್ ಒಂದೇ ಇರುವಂತೆ ಸರಳನ್ನು ಮಾಡಬಹುದಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಹೊಳೆದಿರಬಹುದು. ಮಾಡಬಹುದು. ಆಗ ಬದಿ ನೇರ ಗೆರೆಯಲ್ಲ, ಮೇಲಕ್ಕೆ ಹೋದಂತೆ ಬೇಗ ಬೇಗ ಅಗಲವಾಗುವ ಎಕ್ಸ್‌ಪೊನೆನ್ಶಿಯಲ್ ರೇಖೆ. ನಮ್ಮ 600 ಮೀಟರಿಗೆ, ಕೆಳಗೆ 20 ಮಿಮೀ ಇಟ್ಟರೆ ಮೇಲೆ 28.7 ಮಿಮೀ ಸಾಕು. ತೂಕ 33.9 ರ ಬದಲು 21.3 ಕಿಲೋನ್ಯೂಟನ್. ಉಕ್ಕು ಉಳಿಯಿತು. ಆದರೆ ಎಲ್ಲ ಕಡೆಯೂ 64 ಮೆಗಾಪಾಸ್ಕಲ್ ಇರುವುದರಿಂದ ಒಟ್ಟು ಹಿಗ್ಗು 191 ಮಿಮೀ ಆಗುತ್ತದೆ, ನಮ್ಮ ಶಂಕು ಸರಳಿನ 141.7 ಕ್ಕಿಂತ ಹೆಚ್ಚು. ಗಟ್ಟಿತನಕ್ಕೆ ಒಳ್ಳೆಯ ಆಕಾರ ಹಿಗ್ಗಿಗೂ ಒಳ್ಳೆಯದೇ ಆಗಬೇಕೆಂದಿಲ್ಲ. ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ತೀರ್ಮಾನಿಸಿ.

ನಿಜ ಜೀವನದಲ್ಲಿ 600 ಮೀಟರ್ ಉದ್ದಕ್ಕೂ ನುಣುಪಾದ ಟೇಪರ್ ಯಾರೂ ಮಾಡುವುದಿಲ್ಲ, ಮೆಟ್ಟಿಲು ಮಾಡುತ್ತಾರೆ. ನಮ್ಮ ಸರಳನ್ನು 200 ಮೀಟರಿನ ಮೂರು ತುಂಡು ಮಾಡಿ, ಪ್ರತಿ ತುಂಡಿಗೂ ಅದರ ಮಧ್ಯದ ವ್ಯಾಸ ಕೊಡಿ. ಮೇಲಿಂದ 36.7, 30 ಮತ್ತು 23.3 ಮಿಮೀ. P ಯ ಹಿಗ್ಗು 94.0 ಮಿಮೀ, ಟೇಪರ್‌ಗಿಂತ ತುಸು ಕಡಿಮೆ. ಸ್ವಂತ ತೂಕದ್ದು 49.0 ಮಿಮೀ, ತುಸು ಹೆಚ್ಚು. ಈ ಎರಡನೆಯದನ್ನು ಹಾಕುವಾಗ ಒಂದು ಎಚ್ಚರ ಬೇಕು. ಪ್ರತಿ ತುಂಡಿನ ಹಿಗ್ಗಿಗೆ ತನ್ನ ತೂಕದ ಅರ್ಧ, ಜೊತೆಗೆ ಕೆಳಗಿನ ಎಲ್ಲ ತುಂಡುಗಳ ಪೂರ್ತಿ ತೂಕ ಸೇರಬೇಕು. ಕೆಳಗಿನವುಗಳ ತೂಕವನ್ನೂ ಅರ್ಧ ಮಾಡುವವರಿದ್ದಾರೆ. ಮೂರೇ ತುಂಡಿನಲ್ಲಿ ಇಷ್ಟು ಹತ್ತಿರ ಬಂದಿತು. ಹತ್ತು ತುಂಡು ಮಾಡಿದರೆ ಸೂತ್ರಕ್ಕೆ ಬಹುತೇಕ ಕೂಡಿಕೊಳ್ಳುತ್ತದೆ. ಸೂತ್ರ ನೆನಪಿಲ್ಲದಿದ್ದರೂ ಎಕ್ಸೆಲ್ ಹಾಳೆಯಲ್ಲಿ ಹೀಗೆ ತೆಗೆಯಬಹುದು.

ಸೂತ್ರದ ಮಿತಿ ಬಗ್ಗೆ ಎರಡು ಮಾತು. ಅಡ್ಡಕೊಯ್ತದ ಉದ್ದಗಲಕ್ಕೂ ಸ್ಟ್ರೆಸ್ ಸಮನಾಗಿ ಹರಡಿದೆ ಎಂದು ನಾವು ಹಿಡಿದಿದ್ದೇವೆ. ಸಣ್ಣ ಇಳಿಜಾರಿನ ಟೇಪರ್‌ಗೆ ಅದು ಸರಿ. ಚಟ್ಟೆಂದು ಅಗಲವಾಗುವ ಆಲಿಕೆಯಂಥ ತುಂಡಿಗೆ ಸರಿಯಲ್ಲ. ಹಿಡಿದಿರುವ ಕಡೆ ಮತ್ತು ಭಾರ ಕಟ್ಟಿದ ಕಡೆ, ಸುಮಾರು ಒಂದು ವ್ಯಾಸದಷ್ಟು ದೂರದೊಳಗೂ ಸ್ಟ್ರೆಸ್ ಏರುಪೇರು ಇರುತ್ತದೆ. ಉದ್ದದ ಸರಳಿನ ಒಟ್ಟು ಹಿಗ್ಗಿಗೆ ಅದು ಲೆಕ್ಕಕ್ಕಿಲ್ಲ, ಮುರಿಯುವ ಜಾಗ ಹುಡುಕುವಾಗ ಲೆಕ್ಕಕ್ಕಿದೆ.

ಅಳೆಯುವುದು ಹೇಗೆ? ಲ್ಯಾಬ್‌ನಲ್ಲಿ ಸರಳನ್ನು ತೂಗಿಸಿ, ಕೆಳಗೆ ಡಯಲ್ ಗೇಜ್ ಇಟ್ಟು ಸೊನ್ನೆಗೆ ತಂದು, ಆಮೇಲೆ ತೂಕದ ಬಿಲ್ಲೆ ಹಾಕುತ್ತೇವೆ. ಗೇಜ್ ಸೊನ್ನೆಗೆ ತರುವ ಹೊತ್ತಿಗೆ ಸ್ವಂತ ತೂಕದ ಹಿಗ್ಗು ಆಗಿಹೋಗಿರುತ್ತದೆ. ಗೇಜ್ ತೋರಿಸುವುದು δP ಮಾತ್ರ. ಆ ರೀಡಿಂಗ್ ಅನ್ನು ಒಟ್ಟು ಸೂತ್ರಕ್ಕೆ ಹೋಲಿಸಿದವರಿಗೆ ಲೆಕ್ಕ ಎಂದೂ ಕೂಡುವುದಿಲ್ಲ. ಇನ್ನೊಂದು, ಉಷ್ಣತೆ. ಉಕ್ಕು ಡಿಗ್ರಿಗೆ ಮೀಟರಿಗೆ 0.012 ಮಿಮೀ ಹಿಗ್ಗುತ್ತದೆ. ಶೀಟಿನ ಮಾಡಿನ ಶೆಡ್ಡಿನಲ್ಲಿ ಬೆಳಿಗ್ಗೆ ಸೊನ್ನೆ ಮಾಡಿ ಮಧ್ಯಾಹ್ನ ಓದಿದರೆ, ನಡುವೆ ಹತ್ತು ಡಿಗ್ರಿ ಏರಿದ್ದರೆ, 6 ಮೀಟರ್ ಸರಳು 0.72 ಮಿಮೀ ಉದ್ದವಾಗಿರುತ್ತದೆ. ಎರಡು ಟನ್ ಭಾರದ ಹಿಗ್ಗಿನ ಮುಕ್ಕಾಲು ಪಾಲು ಅದು, ಸ್ವಂತ ತೂಕದ ಹಿಗ್ಗಿನ ನೂರೈವತ್ತು ಪಟ್ಟು. ಭಾರ ಏರಿಸುತ್ತಾ ಬಂದ ಹಾಗೆಯೇ ಇಳಿಸುತ್ತಾ ಬಂದು, ಕೊನೆಗೆ ಸೊನ್ನೆಗೆ ಮರಳುತ್ತದೆಯೇ ನೋಡಿ. ಮರಳದಿದ್ದರೆ ಬಿಸಿಲೋ ಹಿಡಿತದ ಜಾರುವಿಕೆಯೋ ಕಾರಣ. ಇವೆರಡನ್ನು ಬೇರ್ಪಡಿಸುವ ಉಪಾಯವೂ ಇದೆ. ಸರಳನ್ನು ತಿರುಗಿಸಿ ಅದೇ ಪರೀಕ್ಷೆ ಮಾಡಿ. δP ಎರಡೂ ದಿಕ್ಕಿನಲ್ಲಿ ಒಂದೇ ಇರಬೇಕು. ಭಾರ-ಹಿಗ್ಗಿನ ಗೆರೆಯ ಇಳಿಜಾರು ಬದಲಾದರೆ ಹಿಡಿತದಲ್ಲಿ ತೊಂದರೆ.

ಸ್ವಂತ ತೂಕದ ಹಿಗ್ಗನ್ನೇ ಕಣ್ಣಾರೆ ನೋಡಬೇಕೆಂದರೆ ಉಕ್ಕು ಬಿಡಿ, ಮೆದು ರಬ್ಬರ್ ತೆಗೆದುಕೊಳ್ಳಿ. E ಸುಮಾರು 1 ಮೆಗಾಪಾಸ್ಕಲ್ ಇರುವ, ಒಂದು ಮೀಟರ್ ಉದ್ದದ, 40 ರಿಂದ 20 ಮಿಮೀಗೆ ಇಳಿಯುವ ಎರಕ. ತೂಕ ಸುಮಾರು 0.82 ಕಿಲೋ ಬರುತ್ತದೆ. ದಪ್ಪ ತುದಿ ಮೇಲಿಟ್ಟು ತೂಗಿಸಿದರೆ 3.7 ಮಿಮೀ, ತಿರುಗಿಸಿದರೆ 9.2 ಮಿಮೀ ಹಿಗ್ಗಬೇಕು. ನಿಮ್ಮ ರಬ್ಬರಿನ E ಎಷ್ಟು ಎಂದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಎರಕವನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕವನ್ನು ತುದಿಗೆ ಕಟ್ಟಿ, ಆ ಹೆಚ್ಚುವರಿ ಹಿಗ್ಗನ್ನು ಅಳೆಯಿರಿ. ಅದು f. ಭಾರ ಬಿಚ್ಚಿ, ಎರಕವನ್ನು ತಿರುಗಿಸಿ ತೂಗಿಸಿ. ಎರಡು ದಿಕ್ಕಿನ ಉದ್ದಗಳ ವ್ಯತ್ಯಾಸ f ನ ಏಳರಲ್ಲಿ ಮೂರು ಪಾಲು ಇರಬೇಕು. ರಬ್ಬರ್ ತೂಗಿಸಿಟ್ಟಷ್ಟು ಹೊತ್ತು ನಿಧಾನವಾಗಿ ಇನ್ನಷ್ಟು ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಮೂರು ಅಳತೆಯನ್ನೂ ತೂಗಿಸಿದ ಮೇಲೆ ಅಷ್ಟೇ ನಿಮಿಷ ಬಿಟ್ಟು ತೆಗೆಯಿರಿ.